ಬಣ್ಣದ ನೀರೇ, ಆಫೀಸ್ ಟೈಮಿಗೆ ಬಾ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರಿಗೆ ಶಿಸ್ತು ಅನ್ನುವುದೇ ಇಲ್ಲ. ಹೊರಡುವುದು ರಾತ್ರಿ ಎರಡು ಗಂಟೆಗೆ, ಅದರಲ್ಲೂ ಎರಡನೇ ಶನಿವಾರ ಅಂದರೆ ಅದಕ್ಕೆ ಪ್ರೀತಿ. ಜೋರು ಮಳೆ ಬಂದರಂತೂ ಕೇಳುವುದೇ ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿ ಹಾಗಲ್ಲ, ಶಿಸ್ತಿನ ಸಂಸ್ಥೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬರುತ್ತದೆ. ಇಬ್ಬರ ಭೇಟಿ ಆಗದೇ ಇರುವುದು ಯಾರ ತಪ್ಪು? ನೀರಿನದೇ.

ಜೀಪು ಗೇಟಿಗೆ ಬಂದ ಮೇಲೆ ಏನಾಗುತ್ತದೆ ನೋಡಿ. ವಾಚ್‌ಮನ್ ರಿಜಿಸ್ಟರ್ ತರುತ್ತಾನೆ. ಹೆಸರು, ಹುದ್ದೆ, ಒಳಗೆ ಬಂದ ಸಮಯ. ಸುರಕ್ಷತೆ ಮುಖ್ಯ ಸಾರ್, ಹೆಲ್ಮೆಟ್ ಹಾಕಿಕೊಳ್ಳಿ. ಮ್ಯಾನೇಜರ್ ಬರುತ್ತಿದ್ದಾರೆ ಸಾರ್, ಕಾಫಿ ತಗೊಳ್ಳಿ. ಕಾಫಿಯ ಲೋಟ ಅರ್ಧಕ್ಕೆ ಬರುವಷ್ಟರಲ್ಲಿ ಶುದ್ಧೀಕರಿಸದೆ ನೀರು ಆಚೆ ಬಿಡುವ, ಹಿಂದಿನ ಗೋಡೆ ಪಕ್ಕದ ಬೈಪಾಸ್ ವಾಲ್ವ್ ಮುಚ್ಚಿರುತ್ತದೆ, ಶುದ್ಧೀಕರಣ ತೊಟ್ಟಿಗೆ ಗಾಳಿ ಊದಬೇಕಾದ, ತಿಂಗಳಿಂದ ಮಲಗಿದ್ದ ಬ್ಲೋವರ್ ಗುಡುಗಲು ಶುರುವಾಗಿರುತ್ತದೆ, ಹೊರಹರಿವಿನ ತೊಟ್ಟಿಗೆ ಬೋರ್‌ವೆಲ್ ಪೈಪು ಬಿಟ್ಟಾಗಿರುತ್ತದೆ. ಮೋರಿಗೋ ಹಳ್ಳಕ್ಕೋ ಬಿಡುವ ನೀರಿನಲ್ಲಿ ಸಿಒಡಿ, ಅಂದರೆ ಕೊಳೆಯ ಅಳತೆ, ಲೀಟರಿಗೆ 250 ಮಿಲಿಗ್ರಾಂ ದಾಟಬಾರದು ಎನ್ನುವುದು ಸಾಮಾನ್ಯ ಮಿತಿ. 500 ಇದ್ದರೆ? ಅಷ್ಟೇ ಶುದ್ಧ ನೀರು ಬೆರೆಸಿದರೆ ಆಯಿತು. ಮೂರನೇ ಕ್ಲಾಸಿನ ಭಾಗಾಕಾರಕ್ಕೆ ಶುದ್ಧೀಕರಣ ಘಟಕ ಯಾಕೆ ಬೇಕು?

ನಾವೇ ರಾತ್ರಿ ಎದ್ದು ಬಾಟಲಿಯಲ್ಲಿ ನೀರು ಹಿಡಿದರೆ ಆಗದೇ? ಹಿಡಿಯಬಹುದು. ಆದರೆ 1974ರ ಜಲ ಕಾಯ್ದೆಯ 21ನೇ ಕಲಮಿನ ಮಾದರಿ ಆಗುವುದಿಲ್ಲ. ಆ ಮಾದರಿಯನ್ನು ಮಂಡಳಿಯವರೇ ತೆಗೆಯಬೇಕು. ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವರ ಎದುರೇ ಎರಡು ಪಾಲು ಮಾಡಿ, ಮೊಹರು ಒತ್ತಿ, ಸಾಮಾನ್ಯವಾಗಿ ಎರಡೂ ಕಡೆಯವರು ಸಹಿ ಹಾಕಬೇಕು. ಈ ಕ್ರಮ ತಪ್ಪಿದರೆ ಅದರ ಫಲಿತಾಂಶ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಕಳ್ಳತನ ಸಾಬೀತಾಗಬೇಕಾದರೆ ಕಳ್ಳನೇ ಪಂಚನಾಮೆಗೆ ಸಹಿ ಹಾಕಬೇಕು ಅಂದ ಹಾಗೆ. ಕಾಯ್ದೆ ಮಾಡಿದವರ ಕಾರಣ ನ್ಯಾಯದ್ದೇ, ಮಾದರಿಗೆ ಯಾರೋ ವಿಷ ಬೆರೆಸಿ ತರಬಾರದಲ್ಲ. ಅದಕ್ಕೇ ನೀರು ಬೆರೆಸುವ ಕೆಲಸವನ್ನು ಕಾರ್ಖಾನೆಗೇ ಬಿಟ್ಟಿದ್ದಾರೆ.

ಹಾಗಂತ ಬಾಟಲಿ ಹಿಡಿದವರ ಶ್ರಮ ವ್ಯರ್ಥವಲ್ಲ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ, ಐಸ್ ಡಬ್ಬಿಯಲ್ಲಿಟ್ಟು, ಅದೇ ದಿನ ತಲುಪಿಸಿದರೆ ಪೂರಕ ದಾಖಲೆಯಾಗಿ ನಿಲ್ಲುತ್ತದೆ. ಆದರೆ ನೀರಿಗಿಂತ ಹೆಚ್ಚು ಮಾತಾಡುವುದು ಕಾರ್ಖಾನೆಯ ಕಾಗದ. ಮಾಹಿತಿ ಹಕ್ಕಿನಲ್ಲಿ ಮಂಡಳಿಗೆ ಹತ್ತು ರೂಪಾಯಿ ಕಟ್ಟಿ, ಕಾರ್ಖಾನೆಗೆ ಅದು ಕೊಟ್ಟ ಸಮ್ಮತಿ ಪತ್ರ, ತಪಾಸಣಾ ವರದಿ, ಲ್ಯಾಬ್ ವರದಿ ಕೇಳಿ. ಜೊತೆಗೆ ಮೂರು ವಿಷಯ ಮರೆಯಬೇಡಿ: ಶುದ್ಧೀಕರಣ ಘಟಕ, ಅಂದರೆ ಇಟಿಪಿಯ ಪ್ರತ್ಯೇಕ ವಿದ್ಯುತ್ ಮೀಟರಿನ ರೀಡಿಂಗ್, ಒಳಬರುವ ಮತ್ತು ಹೊರಹೋಗುವ ನೀರಿನ ಅಳತೆ, ಕೆಸರು ಸಾಗಿಸಿದ್ದಕ್ಕೆ ದಾಖಲೆಯಾದ ಮ್ಯಾನಿಫೆಸ್ಟ್ ಚೀಟಿ. ಘಟಕಕ್ಕೆ ದಿನಕ್ಕೆ 50,000 ಲೀಟರ್ ಒಳಗೆ ಹೋಗಿ 90,000 ಲೀಟರ್ ಹೊರಗೆ ಬಂದಿದ್ದರೆ ಅದು ಪವಾಡವಲ್ಲ, ಬೋರ್‌ವೆಲ್. ಸುಣ್ಣ, ಆಲಂ ಹಾಕಿ ಬಣ್ಣ ಇಳಿಸಿದರೆ ತಳದಲ್ಲಿ ಕೆಸರು ಕೂರಲೇಬೇಕು. ವರ್ಷವಿಡೀ ನೀರು ಶುದ್ಧವಾಗಿದೆ, ಒಂದು ಮೂಟೆ ಕೆಸರೂ ಆಚೆ ಹೋಗಿಲ್ಲ ಅಂದರೆ, ಅಡುಗೆ ಮಾಡಿದ್ದೇನೆ ಆದರೆ ಒಲೆ ಹಚ್ಚಿಲ್ಲ ಅಂದ ಹಾಗೆ.

ತಪಾಸಣೆಯ ಹೊತ್ತಿಗೆ ಅಕ್ಕಪಕ್ಕದವರನ್ನೂ ಒಳಗೆ ಬಿಡಿ ಎಂದು ದೂರಿನಲ್ಲೇ ಬರೆದು ಕೇಳಿ. ಬಿಟ್ಟರೆ, ಗಾಳಿತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆಪಾತ್ರೆಯಲ್ಲಿ ಅರ್ಧ ಗಂಟೆ ಇಡಲು ಹೇಳಿ. ನಡೆಯುತ್ತಿರುವ ಘಟಕವಾದರೆ ಕಂದು ಬಣ್ಣದ ಕೆಸರು ಅಡಿಯಲ್ಲಿ ಸ್ಪಷ್ಟವಾಗಿ ಕೂತು, ಮೇಲಿನ ನೀರು ತಿಳಿಯಾಗುತ್ತದೆ. ಕಪ್ಪಗೆ ನಾರುತ್ತಿದ್ದರೆ, ಅಥವಾ ಏನೂ ಕೂರದಿದ್ದರೆ, ಬ್ಲೋವರ್ ಗುಡುಗಿದ್ದು ಇವತ್ತು ಬೆಳಿಗ್ಗೆ ಮಾತ್ರ. ಸ್ವಿಚ್ ಒತ್ತಿದರೆ ಗಾಳಿ ಬರುತ್ತದೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬರುವುದಿಲ್ಲ. ಅವು ಬೆಳೆಯಲು ವಾರಗಳು ಬೇಕು, ಒಂದು ಕಾಫಿ ಮುಗಿಯುವಷ್ಟರಲ್ಲಿ ಹುಟ್ಟುವಂಥವಲ್ಲ.

ಇಷ್ಟೆಲ್ಲ ದಾಟಿ ಉಲ್ಲಂಘನೆ ಸಿಕ್ಕಿತು ಅನ್ನೋಣ. ಜಲ ಕಾಯ್ದೆಯ 33ಎ ಕಲಮಿನಲ್ಲಿ ಮಂಡಳಿಗೆ ಘಟಕ ಮುಚ್ಚಿಸುವ, ಕರೆಂಟು ಕಡಿಸುವ ಅಧಿಕಾರವೇ ಇದೆ. ಪರಿಸರ ಪರಿಹಾರವನ್ನೂ ವಸೂಲಿ ಮಾಡಬಹುದು. ಅದಕ್ಕೆ ಕೇಂದ್ರ ಮಂಡಳಿಯ ಸೂತ್ರ ಇದೆ:

EC = PI × N × R × S × LF

ಊಹೆಗೆ ಒಂದು ಸಣ್ಣ ಬಣ್ಣದ ಘಟಕ ಇಟ್ಟುಕೊಳ್ಳಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಊರು. ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ ಮಾಲಿನ್ಯ ಸೂಚ್ಯಂಕ PI 80. ರೂಪಾಯಿಯ ಗುಣಕ R ಸಾಮಾನ್ಯವಾಗಿ 250 ರೂಪಾಯಿ. ಉದ್ಯಮದ ಗಾತ್ರ S, ಸಣ್ಣದಕ್ಕೆ 0.5; ಊರಿನ ಗಾತ್ರ LF, ಇಲ್ಲಿ 1. ಗುಣಿಸಿದರೆ ದಿನಕ್ಕೆ 10,000 ರೂಪಾಯಿ. ಉಳಿದದ್ದು N, ದಿನಗಳ ಲೆಕ್ಕ. ಇಡೀ ಸೂತ್ರದ ಜೀವ ಅಲ್ಲಿದೆ, ಯಾಕೆಂದರೆ N ಶುರುವಾಗುವುದು ನಿಮ್ಮ ಬಾವಿ ಕೆಂಪಾದ ದಿನದಿಂದಲ್ಲ, ಮಂಡಳಿ ಉಲ್ಲಂಘನೆ ಕಂಡ ದಿನದಿಂದ. ಮೂರು ವರ್ಷ ನೀರು ಬಿಟ್ಟರೆ 1,095 ದಿನ, ಒಂದು ಕೋಟಿಗೂ ಮೇಲೆ. ಮಂಡಳಿ ಕಂಡದ್ದು ಮಾರ್ಚ್ 12ಕ್ಕೆ, ಸರಿಯಾಯಿತು ಎಂದು ಬರೆದದ್ದು ಮಾರ್ಚ್ 24ಕ್ಕೆ ಆದರೆ 12 ದಿನ, 1,20,000 ರೂಪಾಯಿ. ಕೈಗೆಟುಕುವ ದರ! ಅದಕ್ಕೇ ಮೊದಲ ದೂರು ಬಾಯಿಮಾತಿನಲ್ಲಿ, ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಪ್ರಾದೇಶಿಕ ಕಚೇರಿಯಲ್ಲಿ ಸೀಲು, ದಿನಾಂಕ ಹಾಕಿಸಿಕೊಂಡ ಪ್ರತಿ ಕೈಯಲ್ಲಿರಲಿ.

ಆ ಸೀಲೇ ಮುಂದೆ ನಿಮ್ಮ ಕುತ್ತಿಗೆಗೂ ಬರುತ್ತದೆ. ಮಂಡಳಿ ಕದಲದಿದ್ದರೆ ಮುಂದಿನ ಬಾಗಿಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನಮಗೆ ಅದರ ಚೆನ್ನೈನ ದಕ್ಷಿಣ ಪೀಠ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನ ಅರ್ಜಿ ಹಾಕಲು, ವ್ಯಾಜ್ಯದ ಕಾರಣ ‘ಮೊದಲು’ ಹುಟ್ಟಿದ ದಿನದಿಂದ ಆರು ತಿಂಗಳು. ಸಾಕಷ್ಟು ಕಾರಣ ಇದ್ದರೆ ಇನ್ನು 60 ದಿನ, ಅಷ್ಟೇ. ಸಭ್ಯರಾಗಿ ಮೂರು ವರ್ಷ ಮನವಿ ಕೊಡುತ್ತಾ ಕೂತವರ ಮೊದಲ ಮನವಿಯನ್ನು ಎದುರು ವಕೀಲರು ಹೂವಿನ ಹಾರದಂತೆ ಎತ್ತಿ ತೋರಿಸುತ್ತಾರೆ: ಸ್ವಾಮಿ, ಇವರಿಗೆ ಆಗಲೇ ಗೊತ್ತಿತ್ತು! ಮಂಡಳಿಗೆ ಬರೆದ ಪತ್ರ ಗಡಿಯಾರ ನಿಲ್ಲಿಸುವುದಿಲ್ಲ. ಹೀಗಾಗಿ ಬಾವಿ, ಬೆಳೆ, ಆಸ್ತಿಯ ನಷ್ಟ ಆಗಿದ್ದರೆ 15ನೇ ಕಲಮಿನಲ್ಲಿ ಪರಿಹಾರವನ್ನೂ ಕೇಳಿ, ಅದಕ್ಕೆ ಐದು ವರ್ಷ ಇದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ, ಕೇಳಿದರೆ ಕೇಳಿದ ಮೊತ್ತದ ಶೇ. 1. ವಕೀಲರಿಲ್ಲದೆ ನೀವೇ ವಾದಿಸಬಹುದು.

ನ್ಯಾಯಮಂಡಳಿ ಅರ್ಜಿ ನೋಡಿ ಸಾಮಾನ್ಯವಾಗಿ ಜಂಟಿ ಸಮಿತಿ ರಚಿಸುತ್ತದೆ: ಜಿಲ್ಲಾಧಿಕಾರಿ ಕಡೆಯವರು, ಕೇಂದ್ರ ಮಂಡಳಿಯವರು, ರಾಜ್ಯ ಮಂಡಳಿಯವರು. ಸ್ಥಳ ಗೊತ್ತಿರುವವರು ಯಾರು? ಸ್ಥಳೀಯ ಪರಿಸರ ಅಧಿಕಾರಿ. ಅಂದರೆ, ಯಾರು ನೋಡಲಿಲ್ಲ ಎಂದು ನೀವು ಚೆನ್ನೈವರೆಗೆ ಹೋದಿರೋ ಅವರೇ ಅದೇ ಗೇಟಿಗೆ ಬರುವ ಸಂಭವ ಹೆಚ್ಚು. ಮುನ್ಸೂಚನೆ ಇಲ್ಲದ ಭೇಟಿ, ರಾತ್ರಿಯ ಮಾದರಿ, ಬೈಪಾಸ್ ಪೈಪಿನ ತಪಾಸಣೆ, ಅರ್ಜಿದಾರರ ಹಾಜರಿ ಇವನ್ನು ಆದೇಶದಲ್ಲೇ ಬರೆಸಿಕೊಳ್ಳದಿದ್ದರೆ ವಾಚ್‌ಮನ್ ಮತ್ತೆ ರಿಜಿಸ್ಟರ್ ತರುತ್ತಾನೆ, ಹೆಲ್ಮೆಟ್ಟೂ ಬರುತ್ತದೆ. ವರದಿ ಬಂದಾಗ ಮೊದಲು ಸಿಒಡಿ ನೋಡಬೇಡಿ, ಮಾದರಿ ತೆಗೆದ ಸಮಯ ನೋಡಿ. ಬೆಳಿಗ್ಗೆ 11.40 ಅಂತಿದ್ದರೆ, ಕಾಫಿ ಮುಗಿದಿತ್ತು.