ಮೂರನೇ ಮನೆಯ ಕಾಣದ ಬಾಡಿಗೆದಾರ

ಕಲಬುರಗಿಯಲ್ಲಿ ಒಳ್ಳೆಯ ಬಾಡಿಗೆದಾರ ಸಿಗುವುದಿಲ್ಲ ಎನ್ನುವವರು ಆದಾಯ ತೆರಿಗೆ ಕಾಯ್ದೆ ಓದಿಲ್ಲ ಎಂದೇ ಅರ್ಥ. ಅದರೊಳಗೆ ಒಬ್ಬನಿದ್ದಾನೆ. ಬಾಡಿಗೆ ಒಂದು ತಿಂಗಳೂ ತಪ್ಪಿಸುವುದಿಲ್ಲ. ನಳಕ್ಕೆ ನೀರು ಬಂದಿಲ್ಲ ಎಂದು ರಾತ್ರಿ ಫೋನ್ ಮಾಡುವುದಿಲ್ಲ. ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಮೇ ತಿಂಗಳ ಬಿಸಿಲಿಗೆ ಮೂರು ಕೂಲರ್ ಹಚ್ಚಿ ಕರೆಂಟ್ ಬಿಲ್ಲಿಗಾಗಿ ಜಗಳ ತೆಗೆಯುವುದಿಲ್ಲ. ಅವನಲ್ಲಿ ಇರುವ ಕೊರತೆ ಒಂದೇ. ಅವನು ಇಲ್ಲ.

ಇಲ್ಲದ ಈ ಮನುಷ್ಯ ಕೊಡದ ಬಾಡಿಗೆಗೆ ಮನೆ ಮಾಲೀಕ ತೆರಿಗೆ ಕಟ್ಟಬೇಕು. ಇದಕ್ಕೆ ಕಾಲ್ಪನಿಕ ಬಾಡಿಗೆ ಎನ್ನುತ್ತಾರೆ. ಸರ್ಕಾರಕ್ಕೆ ಕಲ್ಪನಾಶಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ಇನ್ನು ಮುಂದೆ ನಂಬಬೇಡಿ.

ನಿಯಮ ಹೀಗಿದೆ. ನಿಮಗೆ ಎರಡು ಮನೆ ಇದ್ದರೆ, ಬಾಡಿಗೆಗೆ ಕೊಡದೆ ನಿಮಗಾಗಿಯೇ ಇಟ್ಟುಕೊಂಡಿದ್ದರೆ, ಅವುಗಳ ಆದಾಯ ಸೊನ್ನೆ ಎಂದು ಕಾಯ್ದೆ ಒಪ್ಪುತ್ತದೆ. 2019ರ ಬಜೆಟ್‌ವರೆಗೆ ಒಂದೇ ಮನೆಗೆ ಈ ರಿಯಾಯಿತಿ ಇತ್ತು. ಮೂರನೇ ಮನೆ ಬಂತೋ, ಅದಕ್ಕೆ ಬೀಗ ಜಡಿದಿದ್ದರೂ ಬಾಡಿಗೆಗೆ ಕೊಟ್ಟಂತೆಯೇ ಲೆಕ್ಕ. ಅಂಥ ಮನೆಗೆ ಆ ಓಣಿಯಲ್ಲಿ ಎಷ್ಟು ಬಾಡಿಗೆ ಹುಟ್ಟುತ್ತದೋ ಅಷ್ಟು ನಿಮಗೆ ಬಂದಿದೆ ಎಂದು ಬರೆದುಕೊಳ್ಳಬೇಕು. ರಿಟರ್ನ್ ಫಾರಂನಲ್ಲಿ ಇದಕ್ಕೆಂದೇ `Deemed let out` ಎಂಬ ಆಯ್ಕೆಯೂ ಇದೆ.

ಮೂರು ಮನೆ ಇದ್ದವನಿಗೆ ಏನು ಕಷ್ಟ, ಕಟ್ಟಲಿ ಬಿಡಿ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ ಮೂರು ಮನೆ ಆಗುವ ಬಗೆಯೇ ಬೇರೆ. ನಮ್ಮ ಕಾಕಾನನ್ನೇ ನೋಡಿ. ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ. ಇರುವುದು ಬ್ರಹ್ಮಪುರದ ಸ್ವಂತ ಮನೆಯಲ್ಲಿ. ಅಪ್ಪ ಬಿಟ್ಟುಹೋದ ಹಳೆಯ ಮನೆ ಬೀದರಿನಲ್ಲಿದೆ. ಮಾರೋಣ ಎಂದರೆ ಅತ್ತೆಯಂದಿರು ಅಳುತ್ತಾರೆ, ಬಾಡಿಗೆಗೆ ಕೊಡೋಣ ಎಂದರೆ ಬಂದವನು ಮತ್ತೆ ಬಿಡುವುದಿಲ್ಲ ಎಂಬ ಭಯ. ಹಾಗಾಗಿ ವರ್ಷವಿಡೀ ಬೀಗ. ಮೂರನೆಯದು ಸೇಡಂ ರಸ್ತೆಯ ಫ್ಲ್ಯಾಟ್. ಮಗ ಊರಿಗೆ ವಾಪಸ್ ಬರುತ್ತಾನೆ ಎಂಬ ಆಸೆಯಲ್ಲಿ ಸಾಲ ಮಾಡಿ ಕೊಂಡದ್ದು. ಮಗ ಹೈದರಾಬಾದಿನಲ್ಲೇ ಇದ್ದಾನೆ. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಕಲಬುರಗಿಗೆ ಬರುತ್ತದೆ.

ಜುಲೈ ತಿಂಗಳಲ್ಲಿ ರಿಟರ್ನ್ ತುಂಬಲು ಕಾಕಾ ಆಡಿಟರ್ ಹತ್ತಿರ ಹೊರಟಾಗ ಕಾಕು ಮತ್ತು ನಾನೂ ಜೊತೆಗೆ ಹೋದೆವು. ಆಡಿಟರ್ ಕೇಳಿದ ಮೊದಲ ಪ್ರಶ್ನೆ, "ಬೀದರ್ ಮನಿಗಿ ಬಾಡಿಗಿ ಎಷ್ಟ್ರೀ?"

"ಬೀಗ ಹಾಕ್ಯಾದ್ರೀ ಸಾಹೇಬ್ರ. ಯಾರೂ ಇಲ್ಲ."

"ಯಾರೂ ಇಲ್ಲ ಅಂಬೋದು ಗೊತ್ತದ. ಬಾಡಿಗಿ ಎಷ್ಟು?"

ಕಾಕಾ ನನ್ನ ಮುಖ ನೋಡಿದರು. ಪಕ್ಕದ ಮನೆಯವರು ತಿಂಗಳಿಗೆ 8,000 ತೆಗೆದುಕೊಳ್ಳುತ್ತಾರೆ ಎಂದು ಮೆಲ್ಲಗೆ ಹೇಳಿದರು. ಮುಗಿಯಿತು. ವರ್ಷಕ್ಕೆ 96,000 ರೂಪಾಯಿ ಕಾಕಾನ ಆದಾಯವಾಯಿತು. ಅದರಲ್ಲಿ ಅವರು ನಿಜವಾಗಿ ಕಟ್ಟಿದ ಮನೆ ತೆರಿಗೆ 4,000 ಕಳೆದರು. ಉಳಿದದ್ದು 92,000. ಅದರಲ್ಲಿ ರಿಪೇರಿ ವಗೈರೆಗೆ ಅಂತ ಶೇಕಡ 30, ಅಂದರೆ 27,600 ರೂಪಾಯಿ ಬಿಟ್ಟುಕೊಟ್ಟರು. ಈ ಶೇಕಡ 30ಕ್ಕೆ ರಸೀದಿ ಬೇಡ. ಸುಣ್ಣ ಹಚ್ಚಿದರೂ ಅಷ್ಟೇ, ಮಾಳಿಗೆ ಸೋರಿ ಫರಸಿ ಕಿತ್ತು ಲಕ್ಷ ಸುರಿದರೂ ಅಷ್ಟೇ. ಬಾರದ ಬಾಡಿಗೆಗೆ ಮಾಡದ ರಿಪೇರಿ. ಕಾಯ್ದೆ ಇಲ್ಲಿ ಪ್ರಾಮಾಣಿಕವಾಗಿದೆ ಎಂದು ಒಪ್ಪಲೇಬೇಕು. ಕೊನೆಗೆ ಉಳಿದ 64,400 ರೂಪಾಯಿ ಸಂಬಳಕ್ಕೆ ಸೇರಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಕಾಕಾ ಇರುವುದು ಶೇಕಡ 30ರ ಹಂತದಲ್ಲಿ. ಸೆಸ್ ಸೇರಿ ಇಪ್ಪತ್ತು ಸಾವಿರ ಚಿಲ್ಲರೆ ತೆರಿಗೆ.

"ಅಂವಾ ನನಗೊಂದು ರೂಪಾಯಿ ಕೊಟ್ಟಿಲ್ಲ. ನಾ ಇಪ್ಪತ್ತು ಸಾವಿರ ಕೊಡಬೇಕಾ?" ಎಂದರು ಕಾಕಾ. ಆಗಲೇ ಆ ಕಾಣದವನನ್ನು 'ಅಂವಾ' ಎಂದು ಕರೆಯುವಷ್ಟು ಸಲುಗೆ ಬೆಳೆದಿತ್ತು.

ಖಾಲಿ ಮನೆಗೆ ಕಾಯ್ದೆಯಲ್ಲಿ ಕರುಣೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇದೆ. ಆದರೆ ಅದು ಒಮ್ಮೆ ತುಂಬಿ ಆಮೇಲೆ ಖಾಲಿಯಾದ ಮನೆಗೆ. ವರ್ಷದಲ್ಲಿ ಒಂದು ತಿಂಗಳು ಬಾಡಿಗೆಗೆ ಕೊಟ್ಟು, ಆಮೇಲೆ ಗಿರಾಕಿ ಸಿಗದೆ 11 ತಿಂಗಳು ಖಾಲಿ ಬಿದ್ದರೆ, ಕೈಗೆ ಬಂದ 8,000ವನ್ನೇ ಆದಾಯ ಎಂದು ಹಿಡಿಯುತ್ತಾರೆ. 12 ತಿಂಗಳೂ ಯಾರೂ ಬರದಿದ್ದರೆ 96,000. ಬಾಡಿಗೆಗೇ ಕೊಡದ ಮನೆಗೆ ಈ ಖಾಲಿ ರಿಯಾಯಿತಿ ಇಲ್ಲ ಎಂದು 2011ರಲ್ಲಿ ಆಂಧ್ರ ಹೈಕೋರ್ಟ್ ಕೂಡ ಹೇಳಿದೆ. ಕೆಲವು ನ್ಯಾಯಮಂಡಳಿಗಳು ಬಾಡಿಗೆದಾರನನ್ನು ನಿಜಕ್ಕೂ ಹುಡುಕಿದವರಿಗೆ ಬೇರೆ ರೀತಿ ಹೇಳಿದ್ದುಂಟು. ಆದರೆ ಕಾಕಾ ಹುಡುಕಿಯೇ ಇಲ್ಲವಲ್ಲ. ಹುಡುಕಿದ್ದರೆ ಅತ್ತೆಯಂದಿರು ಅಳುತ್ತಿದ್ದರು.

ಈಗ ಸೇಡಂ ರಸ್ತೆಯ ಫ್ಲ್ಯಾಟಿಗೆ ಬನ್ನಿ. ಕಥೆ ಇಲ್ಲೇ ತಲೆಕೆಳಗಾಗುವುದು.

ಆ ಸಾಲಕ್ಕೆ ಕಾಕಾ ವರ್ಷದಲ್ಲಿ ಕಟ್ಟಿದ ಬಡ್ಡಿ 3,60,000 ರೂಪಾಯಿ. ಇದು ಕಲ್ಪನೆಯಲ್ಲ. ಬ್ಯಾಂಕಿನ ಸರ್ಟಿಫಿಕೇಟ್ ಇದೆ, ಪಾಸ್‌ಬುಕ್ ಇದೆ, ಕಾಕುವಿನ ಸಿಟ್ಟೂ ಇದೆ. ಆಡಿಟರ್ ಮೊದಲು ಬ್ರಹ್ಮಪುರದ ಮನೆ, ಈ ಫ್ಲ್ಯಾಟ್ ಎರಡನ್ನೂ ಸ್ವಂತ ವಾಸಕ್ಕೆ ಎಂದು ಹಿಡಿದಿದ್ದರು. ಸ್ವಂತ ವಾಸದ ಮನೆಗಳಿಗೆ ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ಬಡ್ಡಿಯನ್ನಷ್ಟೇ ಕಾಯ್ದೆ ನಂಬುತ್ತದೆ. ಈ ಮಿತಿ 2014ರ ಬಜೆಟ್‌ನಲ್ಲಿ ಬಂದದ್ದು, ಇನ್ನೂ ಅಲ್ಲೇ ಕೂತಿದೆ. ಹಾಗಾಗಿ ಉಳಿದ 1,60,000 ಬಡ್ಡಿಯನ್ನು ಕಾಕಾ ಕಟ್ಟಿಯೇ ಇಲ್ಲ. ಬಾರದ 96,000 ಬಂದಿದೆ, ಹೋದ 1,60,000 ಹೋಗಿಲ್ಲ. ಬೀದರಿನ 64,400 ಆದಾಯಕ್ಕೆ ಎದುರಾಗಿ ಫ್ಲ್ಯಾಟಿನ 2 ಲಕ್ಷ ನಷ್ಟ ಹಿಡಿದರೆ, ಸಂಬಳದಿಂದ ಕಳೆಯಲು ಸಿಗುವುದು 1,35,600.

ಕಾಕಾ ಮುಖ ಬಾಡಿದ್ದು ನೋಡಿ ಆಡಿಟರ್ ಪೆನ್ನು ತಿರುಗಿಸಿದರು. "ಅವನ್ನ ಬೀದರಿನಾಗಿಂದ ಎಬ್ಬಿಸಿ ಫ್ಲ್ಯಾಟಿಗಿ ಕಳಸೋಣೇನ್ರೀ?"

ಕಳಿಸಬಹುದು! ಯಾವ ಎರಡು ಮನೆ ನಿಮ್ಮ ವಾಸಕ್ಕೆ, ಯಾವುದು ಕಾಣದವನಿಗೆ ಎಂದು ಆರಿಸುವ ಹಕ್ಕು ಮಾಲೀಕನದು. ವರ್ಷ ವರ್ಷಕ್ಕೆ ಬದಲಿಸಲೂಬಹುದು. ನೋಟಿಸ್ ಬೇಡ, ಕೋರ್ಟು ಬೇಡ, ಲಾರಿ ಬಾಡಿಗೆಯೂ ಬೇಡ.

ಅಲ್ಲೇ ಕೂತು ಅವನನ್ನು ಸೇಡಂ ರಸ್ತೆಗೆ ಸಾಗಿಸಿದೆವು. ಬೀದರಿನ ಮನೆ ಸ್ವಂತ ವಾಸಕ್ಕೆ ಬಂದು ಸೊನ್ನೆಯಾಯಿತು. ಫ್ಲ್ಯಾಟಿಗೆ ತಿಂಗಳಿಗೆ 15,000 ಬಾಡಿಗೆ ಹಿಡಿದರೆ ವರ್ಷಕ್ಕೆ 1,80,000. ಕಟ್ಟಿದ ಮನೆ ತೆರಿಗೆ 6,000, ಆಮೇಲೆ ಶೇಕಡ 30 ಕಳೆದರೆ ಉಳಿಯುವುದು 1,21,800. ಆದರೆ ಬಾಡಿಗೆಗೆ ಹೋದ ಮನೆಯ ಬಡ್ಡಿಗೆ 2 ಲಕ್ಷದ ಮಿತಿ ಇಲ್ಲ, ನೆನಪಿರಲಿ. ಬಾಡಿಗೆಗೆ ಹೋದಂತೆ ಅಂದುಕೊಂಡ ಮನೆಗೂ ಇಲ್ಲ. ಪೂರ್ತಿ 3,60,000 ಕಳೆಯಬಹುದು. ನಷ್ಟ 2,38,200!

ಸಂತೋಷಪಡುವ ಮೊದಲು ಇನ್ನೊಂದು ಬೇಲಿ ಇದೆ. ಮನೆಯ ನಷ್ಟವನ್ನು ಸಂಬಳದಂಥ ಬೇರೆ ಆದಾಯದಿಂದ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಕಳೆಯಬಹುದು. ಉಳಿದ 38,200 ಮುಂದಿನ 8 ವರ್ಷಗಳವರೆಗೆ ಕಾಯಬೇಕು. ಅದೂ ಮನೆ ಬಾಡಿಗೆಯ ಆದಾಯ ಬಂದರೆ ಅದರ ಎದುರಿಗಷ್ಟೇ. ಆದರೂ ಮೊದಲಿನ 1,35,600ಕ್ಕಿಂತ 2 ಲಕ್ಷ ಜಾಸ್ತಿ ಅಲ್ವಾ? ಇಪ್ಪತ್ತು ಸಾವಿರ ತೆರಿಗೆ ಉಳಿಯಿತು. ಕಾಕಾ, ಕಾಕು ಇಬ್ಬರೂ ನಿಜವಾದ ಬಾಡಿಗೆದಾರ ಸಿಕ್ಕಷ್ಟು ಖುಷಿಪಟ್ಟರು.

ನನಗೆ ಖುಷಿಯಾಗಲಿಲ್ಲ. ಸಾಲವಿರುವ ಕಾಕಾನಿಗೆ ಈ ಕಾಣದವನು ಲಾಭ ತಂದ. ಅದೇ ಸಾಲವಿಲ್ಲದೆ ಹಿರಿಯರಿಂದ ಮೂರು ಮುರುಕು ಮನೆ ಬಂದವನಿಗೆ? ಕಳೆಯಲು ಅವನ ಬಳಿ ಬಡ್ಡಿ ಇಲ್ಲ. ಅವನು ಬಾರದ ಬಾಡಿಗೆಗೆ ಪೂರ್ತಿ ತೆರಿಗೆ ಕಟ್ಟಬೇಕು. ಖಾಲಿ ಮನೆಗಳನ್ನು ಬಾಡಿಗೆಗೆ ಬಿಡಿಸುವುದೇ ಈ ನಿಯಮದ ಉದ್ದೇಶವಾಗಿದ್ದರೆ, ಸಾಲ ತೆಗೆದು ಬೀಗ ಹಾಕಿದವನನ್ನು ಅದು ಏಕೆ ಬೆನ್ನು ತಟ್ಟುತ್ತದೆ? ಆ ಪ್ರಶ್ನೆಗೆ ಆಡಿಟರ್ ಚಹಾ ತರಿಸಿದರು.

ಹೊಸ ತೆರಿಗೆ ಪದ್ಧತಿಗೆ ಹೋದರೆ ಹೇಗೆ ಎಂದೂ ಕೇಳಿದೆವು. ಅಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಏನೂ ಇಲ್ಲ. ಬಾಡಿಗೆ ಮನೆಯ ಬಡ್ಡಿ ಕಳೆಯಬಹುದು, ಆದರೆ ಅದರ ನಷ್ಟದಲ್ಲಿ ಒಂದು ರೂಪಾಯಿಯನ್ನೂ ಸಂಬಳದಿಂದ ಕಳೆಯುವಂತಿಲ್ಲ. ಕಾಣದವನನ್ನು ಮಾತ್ರ ಹೊಸ ಪದ್ಧತಿಯಲ್ಲೂ ಹೊರಗೆ ಹಾಕಿಲ್ಲ. ದರ ಕಡಿಮೆಯಿರುವ ಹೊಸ ಪದ್ಧತಿಯೇ ಒಟ್ಟಾರೆ ಅಗ್ಗವಾಗಬಹುದು. ಅದು ಸಂಬಳ, ಉಳಿತಾಯ ಎಲ್ಲ ಸೇರಿಸಿ ನೋಡಬೇಕಾದ ಲೆಕ್ಕ.

ಇದು ಬ್ರಿಟಿಷರ ಕಾಲದಿಂದ ಬಂದ ಬುದ್ಧಿ. ಮನೆ ಏನು ತಂದಿತು ಎಂದಲ್ಲ, ಏನು ತರಬಲ್ಲದು ಎಂದು ನೋಡಿ ತೆರಿಗೆ ಹಾಕುವುದು. ಬ್ರಿಟನ್ನಿನಲ್ಲಿ ತಾನೇ ವಾಸಿಸುವ ಮನೆಯ ಮೇಲಿನ ಇಂಥ ತೆರಿಗೆಯನ್ನು 1963ರಲ್ಲೇ ಕೈಬಿಟ್ಟರು. ನಾವು ಎರಡು ಮನೆಗೆ ಬಿಟ್ಟು ಮೂರನೆಯದಕ್ಕೆ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯೇ ಬಂದಿದೆ. ಸೆಕ್ಷನ್ ನಂಬರ್ 23 ಇದ್ದದ್ದು 21 ಆಗಿದೆ. ಕಾಣದವನ ಮನೆ ನಂಬರ್ ಬದಲಾಯಿತು, ಮನೆ ಖಾಲಿಯಾಗಲಿಲ್ಲ.

ಹೊರಡುವಾಗ ಕಾಕು ಅಷ್ಟೊತ್ತೂ ತಡೆದಿಟ್ಟಿದ್ದ ಮಾತು ಆಡಿಟರ್ ಮುಂದೆ ಬಿಟ್ಟರು. "ಬಾಡಿಗಿ ಅಂತೂ ಕೊಡಂಗಿಲ್ಲ. ಡಿಪಾಜಿಟ್ ಆದ್ರೂ ಕೊಡ್ತಾನೇನು ಕೇಳ್ರಿ. ಈ ತಿಂಗಳ ಕಂತು ಕಟ್ಟಬೇಕದ."