ಮಗಳ ಹಳೇ ಹೆಸರು

ನಮ್ಮ ಮಗಳು ದತ್ತು ಮಗುವಾಗಿ ಮನೆಗೆ ಬಂದಾಗ ಅವಳಿಗೆ ಮೂರೂವರೆ ವರ್ಷ. ಎರಡು ವಾರಕ್ಕೆ ನಾಮಕರಣ ಮಾಡಿದೆವು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದು, ಕಿವಿಯಲ್ಲಿ ಮೂರು ಸಲ ಹೇಳಿದೆವು. ಶಿಶುಗೃಹದಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರನ್ನು ಯಾರೂ ಎತ್ತಬಾರದು ಅಂತ ಮನೆಯವರಿಗೆಲ್ಲ ನಾನೇ ಹೇಳಿಟ್ಟಿದ್ದೆ. ಹಳೆಯದೆಲ್ಲ ಬೇಗ ಮರೆಯಲಿ ಅಂತ ನನ್ನ ಆಸೆ.

ಒಂದು ಮಧ್ಯಾಹ್ನ ಅವಳು ಬಟ್ಟೆ ಗೊಂಬೆಯನ್ನು ಕಾಲ ಮೇಲೆ ಮಲಗಿಸಿ ತಟ್ಟುತ್ತಿದ್ದಳು. "ಅಳ್ಬೇಡ, ಮಲ್ಕೋ" ಅನ್ನುತ್ತಿದ್ದಳು. ಗೊಂಬೆಯನ್ನು ಕರೆಯುತ್ತಿದ್ದದ್ದು ತನ್ನ ಹಳೇ ಹೆಸರಿಂದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ರಾತ್ರಿ ಅತ್ತೆಗೆ ಹೇಳಿದೆ. ಅವರಂದರು: "ಮದುವೇಲಿ ನನ್ನ ಹೆಸರು ಬದಲಾಯಿಸಿದ್ರಮ್ಮ. ಐವತ್ತು ವರ್ಷ ಆಯ್ತು. ತವರಲ್ಲಿ ಯಾರಾದ್ರೂ ಹಳೇ ಹೆಸರು ಕೂಗಿದ್ರೆ ಇವತ್ತಿಗೂ ಜೀವ ತಿರುಗುತ್ತೆ. ಮಗುಗೂ ಹಾಗೇ ಅಲ್ವಾ?"

ಮಾರನೇ ವಾರ ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆಯನ್ನು ಕೇಳಿದೆ: ಆ ಹೆಸರು ಇಟ್ಟಿದ್ದು ಯಾರು? ಇದನ್ನು ಮೊದಲೇ ಕೇಳಬೇಕಿತ್ತು. ಎಷ್ಟೋ ಮಕ್ಕಳಿಗೆ ಕೇಂದ್ರದವರೇ ಹೆಸರಿಡುತ್ತಾರೆ. ನಮ್ಮವಳಿಗೆ ಇಟ್ಟವರು ಹೆತ್ತ ತಾಯಿ. ಅವರು ಯಾರು ಅಂತ ಹೇಳುವ ಹಾಗಿಲ್ಲ, ಇಷ್ಟು ಮಾತ್ರ ಹೇಳಿದರು. ಆ ತಾಯಿಯಿಂದ ಮಗುವಿನ ಜೊತೆ ಬಂದಿದ್ದು ಆ ಹೆಸರೊಂದೇ. ಅದನ್ನೂ ನಾನು ಕಿತ್ತುಕೊಳ್ಳಲು ಹೊರಟಿದ್ದೆ.

ಅದೃಷ್ಟಕ್ಕೆ ದತ್ತು ಆದೇಶದ ಅರ್ಜಿ ಇನ್ನೂ ಹೋಗಿರಲಿಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡೋದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಆ ಆದೇಶದ ಮೇಲೆ ನಮ್ಮನ್ನು ಅಪ್ಪ ಅಮ್ಮ ಅಂತ ತೋರಿಸುವ ಹೊಸ ಜನನ ಪ್ರಮಾಣಪತ್ರ ಬರುತ್ತೆ. ಆಧಾರ್, ಶಾಲೆ ಎಲ್ಲ ಅದರ ಹಿಂದೆ. ಹೆಸರಿನ ತೀರ್ಮಾನ ಅರ್ಜಿಗೆ ಮುಂಚೆಯೇ ಆಗಬೇಕು. ಆಮೇಲೆ ತಿದ್ದಿಸೋಕೆ ಅಫಿಡವಿಟ್ಟು, ಓಡಾಟ ಜಾಸ್ತಿ. ಅರ್ಜಿಯಲ್ಲಿ ಬಿಟ್ಟುಹೋದ ಹಳೇ ಹೆಸರು ಆಮೇಲೆ ಉಳಿಯೋದು ಕೇಂದ್ರದ ಫೈಲಿನಂಥ ಹಳೇ ದಾಖಲೆಗಳಲ್ಲಿ. ಹದಿನೆಂಟಾದ ಮೇಲೆ ಮಕ್ಕಳು ತಮ್ಮ ಮೂಲ ತಿಳಿಯಲು ತಾವೇ ಅರ್ಜಿ ಹಾಕಬಹುದು. ತನ್ನ ಹೆಸರನ್ನು ಅವಳು ಮೊದಲ ಸಲ ಆ ಫೈಲಿನಲ್ಲಿ ಓದೋದು ನನಗೆ ಬೇಡವಾಗಿತ್ತು.

ಹಳೇ ಹೆಸರನ್ನು ಇನಿಷಿಯಲ್ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನಮ್ಮಲ್ಲಿ ಇನಿಷಿಯಲ್ ನೋಡಿದರೆ ಊರೋ ಅಪ್ಪನ ಹೆಸರೋ ಅಂದುಕೊಳ್ಳುತ್ತಾರೆ, ಬಿಡಿಸಿ ಕೇಳುವವರಿಲ್ಲ. ಹಳೇ ಹೆಸರು ಪೂರ್ತಿ, ಮೊದಲು. ನಾವಿಟ್ಟಿದ್ದು ಅದರ ಪಕ್ಕ.

ಮೂರು ತಿಂಗಳ ಕೂಸಾದರೆ ಕರೆಯುವ ಹೆಸರು ಬದಲಾಯಿಸಿದರೆ ತೊಂದರೆ ಇಲ್ಲ ಅನ್ನಿಸುತ್ತೆ. ಆದರೂ ಹಳೆಯದನ್ನು ಬರೆದಿಟ್ಟು ಹೇಳುತ್ತಾ ಬನ್ನಿ. ಕೂಗಿದರೆ ತಿರುಗುವಷ್ಟು ದೊಡ್ಡ ಮಗುವಾದರೆ ಅದರ ಹೆಸರು ಅದರದ್ದೇ. ಮಗುವೇ ಹಳೆಯದು ಬೇಡ ಅಂದರೆ ಮಾತ್ರ ಅದರ ಮಾತು ಕೇಳಿ.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಯಾರಿಗೆ ಹೇಳಬೇಕು ಅನ್ನೋದು ಅವಳಿಗೆ ಬಿಟ್ಟಿದ್ದು. ಮನೆಯಲ್ಲಿ ಅಜ್ಜಿ ಅದರಿಂದಲೇ ಕರೆಯುತ್ತಾರೆ. ಗೊಂಬೆಗೆ ಈಗ ಬೇರೆ ಹೆಸರಿದೆ.