ಮೀಟಿಂಗ್‌ನಲ್ಲಿ ಬಾಯಿ ಬಿಡದವರ ಅಪ್ರೈಸಲ್

ಏಪ್ರಿಲ್ ಬಂತು ಅಂದರೆ ನಮ್ಮ ಮೈಸೂರಿನ ಕೂರ್ಗಳ್ಳಿ, ಹೆಬ್ಬಾಳ ಕಡೆಯ ಕಾರ್ಖಾನೆಗಳಲ್ಲಿ ಅಪ್ರೈಸಲ್ ಗಲಾಟೆ ಶುರು. ಪ್ರತಿ ವರ್ಷ ಒಂದಷ್ಟು ಫಾರಂಗಳಲ್ಲಿ ಅದೇ ಸಾಲು ಕಾಣುತ್ತದೆ: "ಒಳ್ಳೆ ಕೆಲಸಗಾರ, ಆದರೆ ಮಾತು ಕಮ್ಮಿ, ಮೀಟಿಂಗ್‌ನಲ್ಲಿ ಇನ್ನೂ ಮುಂದೆ ಬರಬೇಕು." ಈ ಸಾಲು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದನ್ನು ಬರೆದವರು ಆ ಮನುಷ್ಯನ ಕೆಲಸ ನೋಡಿಲ್ಲ, ಮೀಟಿಂಗ್‌ನಲ್ಲಿ ಕೂತಾಗ ಅವನ ಮುಖ ನೋಡಿದ್ದಾರೆ, ಅಷ್ಟೇ.

ನಾನು ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಟೀಮಿನಲ್ಲಿ ಪಾಂಡವಪುರದ ಕಡೆಯ ಒಬ್ಬಳು ಎಂಜಿನಿಯರ್ ಇದ್ದಾಳೆ. ಹೆಸರು ಬೇಡ. ಬೆಳಗಿನ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾಳೆ, ಕೇಳಿದ್ದಕ್ಕೆ "ಹೌದು ಸರ್", "ನೋಡ್ತೀನಿ ಸರ್", ಮುಗೀತು. ಅವಳೇ ಬರೆದ ಸೆಲ್ಫ್ ಅಪ್ರೈಸಲ್ ಮೂರು ಸಾಲು. ಅದರಲ್ಲಿ ಒಂದು ಹೀಗಿತ್ತು: "ಏರ್ ಗೇಜ್ ವರ್ಕ್ ಇನ್‌ಸ್ಟ್ರಕ್ಷನ್ ರಿವೈಸ್ ಮಾಡಿದೆ." ಇದನ್ನು ಓದಿದ ಯಾರಿಗೂ ಅದು ಕಾಗದದ ಕೆಲಸ ಅನ್ನಿಸುತ್ತದೆ, ಅಲ್ವಾ? ಆ ಸಾಲಿನ ಹಿಂದೆ ಏನಿತ್ತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮಲ್ಲಿ ಒಂದು ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಒಳಗಿನ ಭಾಗಗಳನ್ನು ಹಿಡಿದಿಡುವ ಹೊರಕವಚ, ಮಾಡುತ್ತೇವೆ. ಅದರಲ್ಲಿ ಕೊರೆದ ದುಂಡು ತೂತು, ಅಂದರೆ ಬೋರ್, 32 ಮಿ.ಮೀ. ಅಳತೆಯಲ್ಲಿ ಏರುಪೇರಿಗೆ ಇರುವ ಜಾಗ ಒಟ್ಟು 25 ಮೈಕ್ರಾನ್ ಮಾತ್ರ. ರಾತ್ರಿ ಪಾಳಿಯಲ್ಲಿ ಮಾಡಿದ ಹೌಸಿಂಗ್‌ಗಳಲ್ಲಿ ಬೋರ್ ಚಿಕ್ಕದಾಗಿ ಬರುತ್ತಿತ್ತು, ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಬೋರ್ ಸರಿ ಇದ್ದರೆ ಒಳಗೆ ಹೋಗಲೇಬೇಕಾದ ಪ್ಲಗ್ ಗೇಜಿನ ಗೋ ತುದಿ ಹೋಗುತ್ತಲೇ ಇರಲಿಲ್ಲ. ಮತ್ತೆ ಮಷಿನ್‌ಗೆ ಹಾಕಬೇಕು, ರೀವರ್ಕ್. ಮೀಟಿಂಗ್‌ನಲ್ಲಿ ಇದರ ಬಗ್ಗೆ ಗಂಟೆಗಟ್ಟಲೆ ಮಾತಾಯಿತು. ರಾತ್ರಿ ಆಪರೇಟರ್‌ಗಳು ನಿದ್ದೆ ಮಾಡುತ್ತಾರೆ ಅಂತ ಒಬ್ಬರು, ಲೋಹ ಕೊರೆಯುವ ಟೂಲ್ ಇನ್ಸರ್ಟ್ ಸರಿಯಿಲ್ಲ ಅಂತ ಇನ್ನೊಬ್ಬರು. ಅವಳು ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದಷ್ಟು ರಾತ್ರಿ ಪಾಳಿಗೆ ತಾನೇ ಬಂದು ಕೂತಳು.

ಅವಳು ಮಾಡಿದ್ದು ಇಷ್ಟೇ. ಮಷಿನ್‌ನಿಂದ ಆಗಷ್ಟೇ ಇಳಿದ ಹೌಸಿಂಗ್‌ನ ಬೋರನ್ನು, ಗಾಳಿಯ ಒತ್ತಡದಿಂದ ಅಳೆಯುವ ಆ ಏರ್ ಗೇಜ್‌ನಲ್ಲಿ ಅಳೆದಳು. ಅದರ ಮೇಲೆ ಮಾರ್ಕರ್‌ನಲ್ಲಿ ನಂಬರ್ ಹಾಕಿ, ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ಅಳೆದಳು. ಎರಡೂ ಅಳತೆ ಅಕ್ಕಪಕ್ಕ ಬರೆದಳು. ಪ್ರತಿ ಬಾರಿಯೂ ಎರಡನೇ ಅಳತೆ ಕಮ್ಮಿ. ಕಾರಣ ಬಿಸಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹೌಸಿಂಗ್ ಕೋಣೆಗಿಂತ 15 ಡಿಗ್ರಿ ಬಿಸಿ ಇದ್ದರೆ 32 ಮಿ.ಮೀ. ಬೋರ್ 11 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಇರುವ ಜಾಗ 25, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬಿಸಿಯಲ್ಲೇ ಹೋಯಿತು. ಗೇಜ್ ಸೆಟ್ ಮಾಡುವ ಮಾಸ್ಟರ್ ರಿಂಗ್ ತಣ್ಣಗಿರುತ್ತದೆ, ಹೌಸಿಂಗ್ ಬಿಸಿ ಇರುತ್ತದೆ. ಆಪರೇಟರ್ ಪಾಪ "ಬೋರ್ ದೊಡ್ಡದಾಗ್ತಿದೆ" ಅಂತ, ಅದು ಚಿಕ್ಕದಾಗಿ ಬರಲಿ ಅಂತ, ನಿಯತ್ತಿನಿಂದ ಮಷಿನ್‌ನ ಆಫ್‌ಸೆಟ್ ಇಳಿಸುತ್ತಾನೆ. ಹೌಸಿಂಗ್ ಆರಿದ ಮೇಲೆ ಬೋರ್ ಕುಗ್ಗಿ ಕೆಳಗಿನ ಮಿತಿಯನ್ನೂ ದಾಟಿಬಿಡುತ್ತದೆ.

ಹಾಗಾದರೆ ಹಗಲು ಯಾಕೆ ಸರಿ ಬರುತ್ತಿತ್ತು? ಹಗಲು ಇನ್‌ಸ್ಪೆಕ್ಟರ್ ಹೌಸಿಂಗ್‌ಗಳನ್ನು ಟ್ರೇಯಲ್ಲಿ ಎಸಿ ರೂಮಿಗೆ ಒಯ್ದು, ಸ್ವಲ್ಪ ಹೊತ್ತು ಬಿಟ್ಟು ಅಳೆಯುತ್ತಾನೆ. ರಾತ್ರಿ ಆ ರೂಮಿಗೆ ಬೀಗ. ಆಪರೇಟರೇ ಮಷಿನ್ ಪಕ್ಕ ನಿಂತು ಬಿಸಿ ಬಿಸಿ ಅಳೆಯುತ್ತಾನೆ. ನಿದ್ದೆಯೂ ಇಲ್ಲ, ಏನೂ ಇಲ್ಲ.

ಅವಳು ಗೇಜ್ ಪಕ್ಕ ಒಂದು ಬೀಡುಕಬ್ಬಿಣದ ಪ್ಲೇಟ್ ಇಡಿಸಿ, ಹೌಸಿಂಗ್ ಅದರ ಮೇಲೆ ಇಷ್ಟು ಹೊತ್ತು ಆರಿದ ಮೇಲೆಯೇ ಅಳೆಯಬೇಕು ಅಂತ ವರ್ಕ್ ಇನ್‌ಸ್ಟ್ರಕ್ಷನ್ ಬದಲಿಸಿದಳು, ನನ್ನ ಸಹಿ ತೆಗೆದುಕೊಂಡು ಹೋದಳು. ರೀವರ್ಕ್ ಇಳಿಯಿತು. ಮುಂದಿನ ಮೀಟಿಂಗ್‌ನಲ್ಲಿ "ಹೊಸ ಇನ್ಸರ್ಟ್ ಹಾಕಿದ್ವಿ, ಸರಿ ಹೋಯ್ತು" ಅಂತ ಪ್ರೊಡಕ್ಷನ್‌ನವರು ಹೇಳಿದರು. ಆಗಲೂ ಅವಳು ಸುಮ್ನೆ ಕೂತಿದ್ದಳು.

ಈಗ ಮ್ಯಾನೇಜರ್ ಆದವನ ಕೆಲಸ ಬರುತ್ತದೆ. ಆ ಹೊಸ ಇನ್ಸರ್ಟ್ ಅದೇ ತಿಂಗಳು ಬಂದಿದ್ದು ನಿಜ. ನಮ್ಮ ಹುಡುಗಿ ಅಂತ ಅವಳ ಪರವೇ ತೀರ್ಪು ಕೊಟ್ಟರೆ ಅದೂ ಮೋಸವೇ. ಹಾಗಾಗಿ ಲೆಕ್ಕ ತೆಗೆದೆ. ಹೊಸ ಇನ್ಸರ್ಟ್ ಈ ಹೌಸಿಂಗ್ ಮಾಡುವ ಎರಡೂ ಲೈನಿಗೆ ಒಟ್ಟಿಗೇ ಬಂದಿತ್ತು, ಆದರೆ ಆರಿಸಿ ಅಳೆಯುವ ಕ್ರಮ ಮೊದಲು ಒಂದೇ ಲೈನಿನಲ್ಲಿ ಶುರುವಾಗಿತ್ತು. ಆ ಲೈನಿನಲ್ಲಿ ಹಗಲು ರಾತ್ರಿಯ ನಡುವಿನ ವ್ಯತ್ಯಾಸ ಹೋಯಿತು. ಇನ್ನೊಂದರಲ್ಲಿ ಹೊಸ ಇನ್ಸರ್ಟ್ ಇದ್ದರೂ ರಾತ್ರಿಯ ತೊಂದರೆ ಹಾಗೇ ಇತ್ತು, ಅಲ್ಲಿಗೂ ಪ್ಲೇಟ್ ಬಂದ ಮೇಲೆಯೇ ಹೋಗಿದ್ದು. ಇನ್ಸರ್ಟ್‌ನಿಂದ ಸರಿ ಹೋಗಿದ್ದರೆ ಎರಡೂ ಕಡೆ ಒಟ್ಟಿಗೇ ಸರಿ ಹೋಗಬೇಕಿತ್ತು.

ಇಂಥವರ ಕೆಲಸ ಎಲ್ಲಿ ಹುಡುಕಬೇಕು ಅಂದರೆ, ಮೀಟಿಂಗ್ ಮಿನಿಟ್ಸ್‌ನಲ್ಲಿ ಸಿಗಲ್ಲ. ವರ್ಕ್ ಇನ್‌ಸ್ಟ್ರಕ್ಷನ್‌ನಲ್ಲಿ ರಿವಿಷನ್ ಟೇಬಲ್ ಇರುತ್ತದೆ, ಯಾವಾಗ ಏನು ಬದಲಾಯಿತು, ಯಾರು ಬದಲಿಸಿದರು ಅಂತ ಅಲ್ಲಿರುತ್ತದೆ. ಅದನ್ನು ವರ್ಷಪೂರ್ತಿಗೆ ಒಮ್ಮೆ ತಿರುವಿ ಹಾಕಿ. ಇನ್ನೊಂದು, ರಾತ್ರಿ ಪಾಳಿಯವರನ್ನು ಕೇಳಿ. "ಅವಳು ಹೇಗೆ ಕೆಲಸ ಮಾಡ್ತಾಳೆ?" ಅಂತ ಕೇಳಬೇಡಿ, ಎಲ್ಲರೂ "ಚೆನ್ನಾಗಿ ಸರ್" ಅಂತಾರೆ. "ಗೇಜ್ ಕೈಕೊಟ್ಟರೆ ಮೊದಲು ಯಾರಿಗೆ ಫೋನ್ ಮಾಡ್ತೀರಿ?" ಅಂತ ಕೇಳಿ. ನಮ್ಮಲ್ಲಿ ಬೇರೆ ಬೇರೆ ಆಪರೇಟರ್‌ಗಳು, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ, ಇವಳ ಹೆಸರನ್ನೇ ಹೇಳಿದರು. "ಮೇಡಂ ಬೈಯಲ್ಲ ಸರ್, ಅದಕ್ಕೆ" ಅಂದ ಒಬ್ಬ.

ಹಾಗಂತ ಮಾತಾಡದವರೆಲ್ಲ ಒಳಗೊಳಗೇ ದೊಡ್ಡ ಕೆಲಸ ಮಾಡುತ್ತಿರುತ್ತಾರೆ ಅಂತ ತಿಳಿಯಬೇಡಿ. ಇದೇ ಪರೀಕ್ಷೆಯನ್ನು ಇನ್ನೊಬ್ಬ ಮೌನಿಗೂ ಹಾಕಿದೆ. ರಿವಿಷನ್ ಟೇಬಲ್‌ನಲ್ಲಿ ಅವನ ಹೆಸರಿಲ್ಲ, ಯಾರೂ ಅವನಿಗೆ ಫೋನ್ ಮಾಡಲ್ಲ. ಅವನು ಮಾತೂ ಆಡಲ್ಲ, ಕೆಲಸವೂ ಮಾಡಲ್ಲ. ಅವನಿಗೆ ಕಮ್ಮಿಯೇ ಕೊಟ್ಟೆ.

ಇವಳ ವಿಷಯಕ್ಕೆ ಬರೋಣ, ಕಷ್ಟದ ಭಾಗ ಈಗಿದೆ. ವರ್ಷದ ನಡುವೆ ಒಂದು ಲಾಟ್ ಹೌಸಿಂಗ್‌ನಲ್ಲಿ ಲೀಕ್ ಟೆಸ್ಟ್ ಅಂಕಿ ಮೆಲ್ಲಗೆ ಮೇಲೆ ಹೋಗುತ್ತಿತ್ತು. ಫೇಲ್ ಆಗಿರಲಿಲ್ಲ, ಮಿತಿಗೆ ಹತ್ತಿರ ಬರುತ್ತಿತ್ತು. ಎರಕದಲ್ಲಿ ಸಣ್ಣ ರಂಧ್ರಗಳಿದ್ದರೆ ಹೀಗಾಗುತ್ತದೆ. ಅದು ಮೊದಲು ಕಂಡಿದ್ದು ಇವಳಿಗೇ. ಮಾರನೇ ದಿನದ ಮೀಟಿಂಗ್‌ನಲ್ಲಿ ಅದೇ ಲಾಟ್ ಕಳಿಸುವ ಮಾತು ಬಂತು, ಇವಳು ಅಲ್ಲೇ ಕೂತಿದ್ದಳು, ಏನೂ ಹೇಳಲಿಲ್ಲ. ಲಾಟ್ ಹೋಯಿತು. ಗಿರಾಕಿಯ ಕಡೆ ಸೋರಿಕೆ ಸಿಕ್ಕಿತು. ನಮ್ಮ ಹುಡುಗರು ಹೊಸೂರಿಗೆ ಹೋಗಿ ಅಲ್ಲೇ ನಿಂತು ಒಂದೊಂದೇ ಹೌಸಿಂಗ್ ಬೇರೆ ಮಾಡಬೇಕಾಯಿತು. ಯಾಕಮ್ಮ ಹೇಳಲಿಲ್ಲ ಅಂದರೆ, "ಇನ್ನೂ ಖಾತ್ರಿ ಇರಲಿಲ್ಲ ಸರ್. ಇನ್ನಷ್ಟು ಡೇಟಾ ಬರಲಿ ಅಂತಿದ್ದೆ."

ಇದನ್ನು ಸ್ವಭಾವ ಅಂತ ಬಿಟ್ಟುಬಿಡಲು ಆಗಲ್ಲ. ಬೋರ್ ವಿಷಯದಲ್ಲಿ ಅವಳು ಸುಮ್ಮನಿದ್ದದ್ದರಿಂದ ಯಾರಿಗೂ ನಷ್ಟ ಆಗಲಿಲ್ಲ, ಹೊಗಳಿಕೆ ಬೇರೆಯವರ ಪಾಲಾಯಿತು ಅಷ್ಟೇ. ಇಲ್ಲಿ ಸುಮ್ಮನಿದ್ದದ್ದರಿಂದ ಸೋರುವ ಹೌಸಿಂಗ್ ಗೇಟ್ ದಾಟಿತು. ಕ್ವಾಲಿಟಿಯವರಿಗೆ ಅನುಮಾನ ಬಂದರೆ ಸಾಕು, ಲಾಟ್ ತಡೆಯಲು ಖಾತ್ರಿ ಬೇಕಿಲ್ಲ. ಖಾತ್ರಿ ಬೇಕಾಗುವುದು ತಡೆದದ್ದನ್ನು ಬಿಡುವಾಗ. ಹೀಗೆ ಎರಡನ್ನೂ ಬೇರೆ ಮಾಡಿ ನೋಡದೆ, ಎರಡಕ್ಕೂ ಸೇರಿಸಿ "ಮಾತು ಕಮ್ಮಿ" ಅಂತ ಬರೆದರೆ ಅವಳಿಗೆ ಏನು ತಿದ್ದಿಕೊಳ್ಳಬೇಕು ಅಂತಲೇ ಗೊತ್ತಾಗಲ್ಲ. ಮುಂದಿನ ವರ್ಷ ಮೀಟಿಂಗ್‌ನಲ್ಲಿ ಒಂದೆರಡು ಸಾರಿ ಕೆಮ್ಮಿ "ಗುಡ್ ಮಾರ್ನಿಂಗ್ ಸರ್" ಅನ್ನಬಹುದು.

ಹಾಗಾಗಿ ಫಾರಂನಲ್ಲಿ "ಮೀಟಿಂಗ್‌ನಲ್ಲಿ ಭಾಗವಹಿಸುವಿಕೆ" ಅಂತ ಇದ್ದ ಸಾಲಿನ ಮುಂದೆ ನಾನು ಬರೆದದ್ದು ಬೇರೆ: ಬೇಕಾದ ಮಾಹಿತಿ ಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪಿತೇ? ಬೋರ್ ವಿಷಯದಲ್ಲಿ ತಲುಪಿತು, ಬರಹದಲ್ಲಿ. ಲೀಕ್ ವಿಷಯದಲ್ಲಿ ಇಲ್ಲ. ಮುಂದಿನ ವರ್ಷಕ್ಕೆ ಅವಳಿಂದ ಕೇಳಿದ್ದೂ ಅದನ್ನೇ. ಅನುಮಾನ ಬಂದ ಪಾಳಿ ಮುಗಿಯುವುದರೊಳಗೆ ಲಾಟ್‌ಗೆ ಹೋಲ್ಡ್ ಟ್ಯಾಗ್ ಕಟ್ಟಿ ನನಗೆ ಒಂದು ಮೆಸೇಜ್ ಹಾಕಬೇಕು. ಮೀಟಿಂಗ್‌ನಲ್ಲಿ ಎದ್ದು ನಿಲ್ಲುವುದು ಬೇಡ, ಅದನ್ನು ನಾನು ಹೇಳುತ್ತೇನೆ, ಅವಳ ಹೆಸರು ಸೇರಿಸಿಯೇ.

ರೇಟಿಂಗ್ 5ಕ್ಕೆ. ಸಮಸ್ಯೆ ಬಿಡಿಸುವುದರಲ್ಲಿ 5, ಎಚ್ಚರಿಕೆ ಕೊಡುವುದರಲ್ಲಿ 2, ಒಟ್ಟು 4 ಅಂತ ಹಾಕಿದೆ. ಎಲ್ಲ ವಿಭಾಗದವರೂ ಕೂತು ರೇಟಿಂಗ್ ಹೊಂದಿಸುವ ಸಭೆ ಇರುತ್ತದಲ್ಲ, ಅಲ್ಲಿ ಒಬ್ಬರು ಕೇಳಿದರು, "ಯಾರ್ರೀ ಇವಳು? ನಾನು ನೋಡೇ ಇಲ್ಲ." ಆ ಸಭೆಯಲ್ಲಿ ಒಳ್ಳೆಯವಳು, ಕಷ್ಟಪಡುತ್ತಾಳೆ ಅಂದರೆ ಯಾರೂ ಕೇಳಲ್ಲ. ಎರಡು ಲೈನಿನ ಅಂಕಿ ಮುಂದಿಟ್ಟೆ. ಲೀಕ್ ವಿಷಯವನ್ನೂ ನಾನೇ ಮೊದಲು ಹೇಳಿದೆ, ಯಾಕೆಂದರೆ ಅದನ್ನು ಬೇರೆಯವರು ಎತ್ತಿದರೆ ಉಳಿದದ್ದನ್ನೂ ಯಾರೂ ನಂಬುತ್ತಿರಲಿಲ್ಲ. 4 ಉಳಿಯಿತು. ಬಡ್ತಿ ಮಾತ್ರ ಈ ವರ್ಷ ಸಿಗಲಿಲ್ಲ. ಆ ಹುದ್ದೆಯಲ್ಲಿ ಗಿರಾಕಿಯ ಆಡಿಟರ್ ಎದುರು ಕೂತು ಉತ್ತರ ಕೊಡಬೇಕು, ಅದಕ್ಕೆ ಅವಳು ಇನ್ನೂ ತಯಾರಿಲ್ಲ ಅಂತ ನನಗೂ ಅನ್ನಿಸಿತು. ಮಾತಿಲ್ಲದೆ ಬರೀ ಕೆಲಸದ ಮೇಲೆ ಮೇಲೇರುವ ದಾರಿ ನಮ್ಮಲ್ಲಿ ಇಲ್ಲ, ಇರಬೇಕಿತ್ತು. ಅದು ಬೇರೆ ಜಗಳ.

ಫಾರಂನ ಕರಡನ್ನು, ಎದುರು ಕೂತು ಮಾತಾಡುವುದಕ್ಕೆ ಒಂದು ದಿನ ಮೊದಲೇ ಅವಳಿಗೆ ಕಳಿಸಿದ್ದೆ. ಇಂಥವರನ್ನು ಎದುರು ಕೂರಿಸಿಕೊಂಡು "ಏನನ್ನಿಸ್ತು?" ಅಂದರೆ "ಸರಿ ಸರ್" ಅಂತಲೇ ಬರುತ್ತದೆ. ಓದಲು ಹೊತ್ತು ಕೊಟ್ಟರೆ ಬರೆದು ತರುತ್ತಾರೆ. ಅವಳೂ ಬರೆದು ತಂದಳು. ಲೀಕ್ ವಿಷಯದಲ್ಲಿ "ಯಾರಿಗೂ ತಿಳಿಸಲಿಲ್ಲ" ಅನ್ನುವುದು ಸರಿಯಲ್ಲ, ಅದೇ ದಿನ ಶಿಫ್ಟ್ ರಿಜಿಸ್ಟರ್‌ನಲ್ಲಿ ಬರೆದಿದ್ದೇನೆ ಅಂತ. ರಿಜಿಸ್ಟರ್ ತರಿಸಿ ನೋಡಿದೆ, ಇತ್ತು. ಕೆಳಗೆ ನಮ್ಮ ಶಿಫ್ಟ್ ಇನ್‌ಚಾರ್ಜ್ ಸಹಿಯೂ ಇತ್ತು. ಸಾಲನ್ನು "ರಿಜಿಸ್ಟರ್‌ನಲ್ಲಿ ಬರೆದಳು, ಲಾಟ್ ತಡೆಯಲಿಲ್ಲ" ಅಂತ ತಿದ್ದಿದೆ, ಆ 2 ಅನ್ನು 3 ಮಾಡಿದೆ. ಓದದೆ ಸಹಿ ಹಾಕಿದ ಆ ಇನ್‌ಚಾರ್ಜ್‌ನ ಫಾರಂ ಕೂಡ ನನ್ನ ಮೇಜಿನ ಮೇಲೇ ಇತ್ತು, ಅದಕ್ಕೂ ಒಂದು ಸಾಲು ಸೇರಿತು. ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುವವನು ಅವನೇ.